ಒಂದೇ ಬೀಜ, ಎರಡು ಹಬ್ಬದ ಸಂದೇಶ

(ಚಿಕ್ಕಮಗಳೂರಿನಲ್ಲಿ ವರ್ತಕರು ಮತ್ತು ವಾಣಿಜ್ಯ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಸಭೆಯಲ್ಲಿ ಪರದೆಯ ಮೇಲೆ ತೋರಿಸಿದ ಸಂದೇಶಗಳನ್ನು ಇಲ್ಲಿ ಪೂರ್ತಿಯಾಗಿ ಕೊಟ್ಟಿದ್ದೇನೆ.)

ನಾನು ಬೇರೆಯವರ ಹೆಸರಿನಲ್ಲಿ ಹಬ್ಬದ ಶುಭಾಶಯ ಬರೆಯುವವನು. ಗೌರಿ ಹಬ್ಬ ಹತ್ತಿರವಾದಾಗ ಶುರುವಾಗುವ ಈ ಕೆಲಸ ದೀಪಾವಳಿಯ ಪಾಡ್ಯಕ್ಕೆ ಮುಗಿಯುತ್ತದೆ. ಆ ಹೊತ್ತಿಗೆ ನನಗೆ ಯಾರಾದರೂ ಎದುರು ಬಂದು ‘ಹಬ್ಬದ ಶುಭಾಶಯ’ ಎಂದರೆ ಕೈ ಮುಗಿಯುವ ಬದಲು ಕಾಗುಣಿತ ತಿದ್ದೋಣ ಎನ್ನಿಸುತ್ತದೆ.

ದುಬಾರಿ ವಸ್ತುಗಳ ಬ್ರಾಂಡಿಗೂ ಬಡಾವಣೆಯ ಅಂಗಡಿಗೂ ಹಬ್ಬದ ಸಂದೇಶದ ಧಾಟಿ ಹೇಗೆ ಬೇರೆಯಾಗುತ್ತದೆ ಎಂಬುದನ್ನು ಹೇಳಲು ನನ್ನನ್ನು ಕರೆದಿದ್ದೀರಿ. ಒಡವೆ, ಸೀರೆ, ಕಾರು ಎಂದು ಹೊರಟರೆ ಸಂಜೆಯಾದೀತು. ಅದಕ್ಕೇ ನಮ್ಮ ಊರಿನ ವಸ್ತುವೊಂದನ್ನೇ ಹಿಡಿದುಕೊಳ್ಳುತ್ತೇನೆ. ಕಳೆದ ಮೂರು ವರ್ಷಗಳಿಂದ ನಾನು ಇಬ್ಬರಿಗೆ ದೀಪಾವಳಿಯ ಸಂದೇಶ ಬರೆಯುತ್ತಿದ್ದೇನೆ. ಒಬ್ಬರು ಮೂಡಿಗೆರೆ ಕಡೆಯ ತೋಟದ ಮಾಲೀಕರು. ತಮ್ಮದೇ ತೋಟದ ಕಾಫಿಯನ್ನು ಚಂದದ ಪೆಟ್ಟಿಗೆಯಲ್ಲಿಟ್ಟು ಉಡುಗೊರೆಗೆಂದು ಮಾರುತ್ತಾರೆ. ಇನ್ನೊಬ್ಬರದು ಪೇಟೆಯ ಒಂದು ಕಾಫಿ ವರ್ಕ್ಸ್. ಅಲ್ಲಿ ನೀವು ನಿಂತಿರುವಾಗಲೇ ಬೀಜ ಪುಡಿ ಮಾಡಿ, ಬಿಸಿ ಆರುವ ಮೊದಲೇ ಪೊಟ್ಟಣ ಕಟ್ಟಿ ಕೈಗೆ ಕೊಡುತ್ತಾರೆ. ಬೀಜ ಎರಡೂ ಕಡೆ ಇದೇ ಜಿಲ್ಲೆಯದು, ಹಬ್ಬವೂ ಒಂದೇ. ಆದರೆ ಒಬ್ಬರಿಗೆ ಬರೆದ ಒಂದು ಸಾಲು ಇನ್ನೊಬ್ಬರ ಬಾಯಲ್ಲಿ ಕೂರುವುದಿಲ್ಲ.

ಇದು ನನಗೆ ತಿಳಿದದ್ದು ಏಟು ತಿಂದ ಮೇಲೆ.

2023ರ ದೀಪಾವಳಿಗೆ ಕಾಫಿ ವರ್ಕ್ಸ್‌ನವರು ಮೊದಲ ಸಲ ನನ್ನ ಬಳಿ ಬಂದರು. ಅವರ ಮೊಬೈಲಿನಲ್ಲಿ ಸುಮಾರು ಇನ್ನೂರು ಗಿರಾಕಿಗಳ ಒಂದು ಪ್ರಸಾರ ಪಟ್ಟಿ ಇತ್ತು. ವಾಟ್ಸ್‌ಆ್ಯಪ್‌ನಲ್ಲಿ ಇಂಥ ಒಂದು ಪಟ್ಟಿಗೆ 256 ಜನರನ್ನು ಸೇರಿಸಬಹುದು. ಅವರಲ್ಲೂ ಕಳುಹಿಸುವವರ ಸಂಖ್ಯೆಯನ್ನು ತಮ್ಮ ಮೊಬೈಲಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ಈ ನಿಯಮವನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ. ನಾನು ಆಗಷ್ಟೇ ತೋಟದವರ ಪೆಟ್ಟಿಗೆಗೆ ಬರೆದು ಮುಗಿಸಿದ್ದೆ, ಕೈ ಅದೇ ಹದದಲ್ಲಿತ್ತು. ಅಂಗಡಿಗೆ ಬರೆದುಕೊಟ್ಟದ್ದು ಇದು:

‘ದೀಪದ ಮುಂಜಾವು. ಹಬೆಯಾಡುವ ಒಂದು ಲೋಟ. ಮನೆ ತುಂಬ ಮಲೆನಾಡಿನ ಘಮ. ಈ ದೀಪಾವಳಿ, ಪ್ರೀತಿಪಾತ್ರರಿಗಾಗಿ.’

ಓದಲು ಚೆನ್ನಾಗಿಯೇ ಇದೆ. ನಾನು ಎರಡು ದಿನ ಬೀಗಿಕೊಂಡು ಓಡಾಡಿದೆ. ಮೂರನೆಯ ದಿನ ಅಂಗಡಿಯವರು ಮೊಬೈಲನ್ನೇ ತಂದು ನನ್ನ ಮೇಜಿನ ಮೇಲಿಟ್ಟರು. ಉತ್ತರಗಳು ಬಂದಿದ್ದವು. ‘ರೇಟು ಜಾಸ್ತಿ ಮಾಡಿದಿರಾ?’ ‘ಅಂಗಡಿ ಬೇರೆಯವರಿಗೆ ಕೊಟ್ಟಿರಾ?’ ‘ಹಬ್ಬದ ದಿನ ಬಾಗಿಲು ತೆಗೆದಿರುತ್ತದೆಯೇ?’ ಮೂವತ್ತು ವರ್ಷದಿಂದ ಅಲ್ಲೇ ಪುಡಿ ಕೊಳ್ಳುತ್ತಿದ್ದ ಒಬ್ಬ ನಿವೃತ್ತ ಮೇಷ್ಟ್ರು ಅಂಗಡಿಗೇ ನಡೆದು ಬಂದು, ಗಲ್ಲಾಪೆಟ್ಟಿಗೆಯ ಹಿಂದೆ ಹಳೆಯ ಮುಖವೇ ಇದೆಯೇ ಎಂದು ನೋಡಿಕೊಂಡು ಹೋದರಂತೆ.

ಆ ಸಂದೇಶದಲ್ಲಿ ತಪ್ಪು ಎಲ್ಲಿತ್ತು? ಯಾವ ಪದವೂ ಕೆಟ್ಟದ್ದಲ್ಲ. ದೋಷವಿದ್ದದ್ದು ಬಿಟ್ಟುಹೋದದ್ದರಲ್ಲಿ. ದರವಿಲ್ಲ, ವೇಳೆಯಿಲ್ಲ, ಕೊಡುತ್ತೇವೆ ಎಂಬ ಕ್ರಿಯಾಪದವೂ ಇಲ್ಲ. ದಿನವೂ ‘ಏನಣ್ಣ, ಕಾಲು ಕೆಜಿಯಾ?’ ಎಂದು ಮಾತಾಡಿಸುವ ಮನುಷ್ಯ ಹಬ್ಬದ ದಿನ ಇದ್ದಕ್ಕಿದ್ದಂತೆ ದರ ಹೇಳದೆ ದೀಪ, ಘಮ ಎಂದು ಮಾತಾಡತೊಡಗಿದರೆ ಗಿರಾಕಿಗೆ ಅನುಮಾನ ಬರುವುದು ಸಹಜ. ಈಗ ಆ 256ರ ನಿಯಮಕ್ಕೆ ಬನ್ನಿ. ಆ ಸಂದೇಶ ತಲುಪಿದವರೆಲ್ಲ ಅಂಗಡಿಯ ಸಂಖ್ಯೆಯನ್ನು ಹೆಸರು ಹಾಕಿ ಉಳಿಸಿಕೊಂಡವರು. ಅವರಿಗೆ ಅಂಗಡಿಯ ಪರಿಚಯ ಮಾಡಿಕೊಡಬೇಕಾದ ಅಗತ್ಯವೇ ಇಲ್ಲ. ಅವರಿಗೆ ಬೇಕಾಗಿದ್ದದ್ದು ಹಬ್ಬದ ವಾರದಲ್ಲಿ ಏನೇನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ ಎಂಬ ಸುದ್ದಿ.

ಅಂದಿನಿಂದ ನಾನು ಬರೆಯಲು ಕೂರುವ ಮೊದಲು ಓದುವವನ ಮನಸ್ಸಿನಲ್ಲಿರುವ ಅಳುಕನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಕಾಫಿ ವರ್ಕ್ಸ್‌ನ ಗಿರಾಕಿಯ ಅಳುಕು ಹೀಗಿರುತ್ತದೆ: ನರಕ ಚತುರ್ದಶಿಯ ಬೆಳಗಿನ ಜಾವ ಎಣ್ಣೆ ನೀರು ಹಾಕಿಕೊಂಡು ಬಂದವರಿಗೆಲ್ಲ ಕಾಫಿ ಆಗಬೇಕು, ಮಗಳು ಅಳಿಯ ಬಂದಿರುತ್ತಾರೆ, ಡಬ್ಬಿ ಖಾಲಿಯಾದರೆ ಅಂಗಡಿ ತೆಗೆದಿರುತ್ತದೆಯೋ ಇಲ್ಲವೋ, ಹಬ್ಬದ ಹೆಸರಿನಲ್ಲಿ ಹೆಚ್ಚು ಕೀಳುತ್ತಾರೋ ಏನೋ. ತೋಟದ ಪೆಟ್ಟಿಗೆ ಕೊಳ್ಳುವವನ ಅಳುಕೇ ಬೇರೆ. ಆತ ಅದನ್ನು ಕುಡಿಯುವುದಿಲ್ಲ, ಕೊಡುತ್ತಾನೆ. ಬೀಗರಿಗೋ ಮೇಲಧಿಕಾರಿಗೋ ಬೆಂಗಳೂರಿನ ಗೆಳೆಯನಿಗೋ. ‘ಇದನ್ನು ಕೊಟ್ಟರೆ ಅವರು ನನ್ನನ್ನು ಏನೆಂದುಕೊಂಡಾರು?’ ಎಂಬುದೇ ಅವನ ಪ್ರಶ್ನೆ. ಇವೆರಡಕ್ಕೂ ಒಂದೇ ಧ್ವನಿಯಲ್ಲಿ ಉತ್ತರ ಹೇಳಲು ಸಾಧ್ಯವಿಲ್ಲ.

2025ರ ದೀಪಾವಳಿಗೆ ಅಂಗಡಿಗೆ ಬರೆದದ್ದನ್ನು ಈಗ ನೋಡಿ. ಆ ವರ್ಷ ಚತುರ್ದಶಿ ಅಕ್ಟೋಬರ್ 20ರ ಸೋಮವಾರ, ಪಾಡ್ಯ 22ರ ಬುಧವಾರ.

‘ನಮಸ್ಕಾರ. ಹಬ್ಬಕ್ಕೂ ಹಳೆಯ ದರವೇ.
80–20: ಕಾಲು ಕೆಜಿ ₹185, ಅರ್ಧ ಕೆಜಿ ₹370.
ಪ್ಯೂರ್: ಕಾಲು ಕೆಜಿ ₹225, ಅರ್ಧ ಕೆಜಿ ₹450.
ಭಾನುವಾರ ರಾತ್ರಿ 9ರವರೆಗೆ ಇರುತ್ತೇವೆ. ಸೋಮವಾರ ಬೆಳಿಗ್ಗೆ 7ರಿಂದ 11. ಬುಧವಾರ ರಜೆ.
ಮನೆಯಲ್ಲಿ ನೆಂಟರಿದ್ದು ಬರಲು ಆಗದಿದ್ದರೆ ಫೋನ್ ಮಾಡಿ, ಹುಡುಗನ ಕೈಯಲ್ಲಿ ಕಳುಹಿಸುತ್ತೇವೆ. ಎಲ್ಲರಿಗೂ ದೀಪಾವಳಿಯ ಶುಭಾಶಯ.’

ಇದರಲ್ಲಿ ಬರವಣಿಗೆ ಎಲ್ಲಿದೆ ಎಂದು ನೀವು ಕೇಳಬಹುದು. ಮೊದಲ ಸಾಲಿಗೆ ನಾನು ಅರ್ಧ ದಿನ ತೆಗೆದುಕೊಂಡೆ. ಅಂಗಡಿಯವರು ಬರೆದುಕೊಂಡು ಬಂದಿದ್ದದ್ದು ‘ಕೈಗೆಟುಕುವ ದರದಲ್ಲಿ’ ಎಂದು. ಜಾಹೀರಾತಿನ ಕನ್ನಡದಲ್ಲಿ ಸವೆದು ಹೋಗಿರುವ ಈ ಮಾತು ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ‘ನಿನ್ನ ಕೈ ಗಿಡ್ಡ, ಆದರೂ ಇದು ಎಟುಕುತ್ತದೆ’ ಎಂದು ಹೇಳಿದ ಹಾಗೆ ಕೇಳಿಸುತ್ತದೆ. ‘ಅಗ್ಗ’ ಎಂದರೆ ಸರಕನ್ನು ಹೀಗಳೆದಂತೆ. ‘ಹಳೆಯ ದರವೇ’ ಎಂಬುದರಲ್ಲಿ ಮಾತು ದರದ ಮೇಲೆ ಇದೆಯೇ ಹೊರತು ಕೊಳ್ಳುವವನ ಜೇಬಿನ ಮೇಲಲ್ಲ. ಜೊತೆಗೆ ಆ ‘ಏ’ಕಾರವನ್ನು ಗಮನಿಸಿ. ‘ಹಳೆಯ ದರ’ ಎಂದಿದ್ದರೆ ಬರೀ ಮಾಹಿತಿ. ‘ಹಳೆಯ ದರವೇ’ ಎಂದಾಗ, ಎದುರಿಗೆ ನಿಂತವನು ಹುಬ್ಬೇರಿಸಿದ್ದನ್ನು ನೋಡಿ ಸಮಾಧಾನ ಹೇಳಿದಂತಾಗುತ್ತದೆ.

ಅಂಕಿಗಳ ವಿಷಯದಲ್ಲೂ ಸ್ವಲ್ಪ ಜಗಳವಾಯಿತು. ಅವರ ಮಗ ಈಗಷ್ಟೇ ಓದು ಮುಗಿಸಿ ಬಂದವನು, ₹370ರ ಬದಲು ₹369 ಎಂದು ಹಾಕೋಣ ಎಂದ. ಸೂಪರ್ ಮಾರ್ಕೆಟ್ಟಿನಲ್ಲಿ ಅದು ನಡೆಯುತ್ತದೆ. ಇಲ್ಲಿ ಪುಡಿಯನ್ನು ಕಣ್ಣೆದುರೇ ತೂಗಿ ಕೊಡುತ್ತಾರೆ, ಎಷ್ಟೋ ಜನ ‘ನೂರು ರೂಪಾಯಿಗೆ ಕೊಡಿ’ ಎಂದೇ ಕೇಳುತ್ತಾರೆ. ಒಂದು ರೂಪಾಯಿ ಚಿಲ್ಲರೆಗಾಗಿ ಹಬ್ಬದ ಸಾಲು ನಿಲ್ಲಿಸಿಕೊಳ್ಳುವುದು ಬೇಡ ಎಂದೆ. ಇನ್ನು 80–20 ಎಂದರೆ ಎಂಬತ್ತು ಭಾಗ ಕಾಫಿ, ಇಪ್ಪತ್ತು ಭಾಗ ಚಿಕೋರಿ ಎಂದು ಈ ಸಭೆಯಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ 51 ಭಾಗ ಇರಲೇಬೇಕೆಂದು ಆಹಾರ ಸುರಕ್ಷತೆಯ ನಿಯಮ ಹೇಳುತ್ತದೆ. ಪ್ಯಾಕೆಟ್ ಮಾಡಿದ್ದರ ಮೇಲೆ ಪ್ರಮಾಣವನ್ನೂ ಬರೆಯಬೇಕು. ಅಂಗಡಿಯ ಸಂದೇಶದಲ್ಲಿ ಈ ಪ್ರಮಾಣ ದರದ ಪಕ್ಕದಲ್ಲೇ ಬರಬೇಕು. ಇಲ್ಲದಿದ್ದರೆ ‘ಹಬ್ಬಕ್ಕೆ ಚಿಕೋರಿ ಜಾಸ್ತಿ ಹಾಕಿ ಹಳೆಯ ದರ ಎನ್ನುತ್ತಿದ್ದಾರೆ’ ಎಂಬ ಮಾತು ಹುಟ್ಟುತ್ತದೆ.

ಕೊನೆಯ ಸಾಲಿನ ಹುಡುಗ ಆ ಅಂಗಡಿಯಲ್ಲಿ ನಿಜವಾಗಿಯೂ ಇದ್ದಾನೆ. ಹತ್ತಿರದ ಬಡಾವಣೆಗಳಿಗೆ ಸೈಕಲ್‌ನಲ್ಲಿ ಹೋಗಿ ಬರುತ್ತಾನೆ. ಇಲ್ಲದ ಹುಡುಗನನ್ನು ಸಂದೇಶದಲ್ಲಿ ಕಳುಹಿಸಬೇಡಿ.

ಈಗ ಪೆಟ್ಟಿಗೆಗೆ ಬರೋಣ. ತೋಟದವರಿಗೆ ಅದೇ ವರ್ಷ ಬರೆದದ್ದು:

‘ಮೂಡಿಗೆರೆಯ ನಮ್ಮ ತೋಟ. ಎಸ್. 795. ಕಳೆದ ಚಳಿಗಾಲದ ಕೊಯ್ಲು.
ದೀಪಾವಳಿಯ ಪೆಟ್ಟಿಗೆಗಾಗಿ ಅಕ್ಟೋಬರ್ 11ರಂದು ಹುರಿಯುತ್ತೇವೆ.
ನಿಮ್ಮ ಹೆಸರಿನ ಕಾರ್ಡು ಬೇಕಿದ್ದರೆ 9ರೊಳಗೆ ತಿಳಿಸಿ.’

ಒಂದೇ ಒಂದು ಗುಣವಾಚಕ ಇಲ್ಲ. ‘ಅತ್ಯುತ್ತಮ’, ‘ಶ್ರೇಷ್ಠ’, ‘ರಾಜಯೋಗ್ಯ’ ಯಾವುದೂ ಇಲ್ಲ. ತೋಟದವರಿಗೆ ಮೊದಲು ಇದು ಸಪ್ಪೆಯೆನ್ನಿಸಿತು. ಅವರ ಮನಸ್ಸಿನಲ್ಲಿದ್ದದ್ದು ‘100% ಪರಿಶುದ್ಧ, ಕಲಬೆರಕೆರಹಿತ’ ಎಂಬ ಮಾತು. ನಾನು ಹೇಳಿದೆ: ‘ಸ್ವಾಮಿ, ಕಲಬೆರಕೆಯ ನೆನಪೇ ಇಲ್ಲದ ಮನಸ್ಸಿನಲ್ಲಿ ನೀವಾಗಿಯೇ ಅದನ್ನು ಬಿತ್ತುತ್ತೀರಲ್ಲ?’ ಪೇಟೆಯಲ್ಲಿ ‘ಪ್ಯೂರ್’ ಎನ್ನುವುದು ಒಂದು ಸರಕಿನ ಹೆಸರು. 80–20ರಿಂದ ಬೇರ್ಪಡಿಸಲು ಬೇಕಾದದ್ದು. ಉಡುಗೊರೆಯ ಪೆಟ್ಟಿಗೆಯ ಮೇಲೆ ಅದೇ ಪದ ಸಾಕ್ಷಿ ಹೇಳಲು ಬಂದವನ ಹಾಗೆ ನಿಲ್ಲುತ್ತದೆ.

ಹೊಗಳಿಕೆಯ ಜಾಗವನ್ನು ಇಲ್ಲಿ ವಿವರಗಳು ತುಂಬುತ್ತವೆ. ಎಸ್. 795 ನಮ್ಮ ಜಿಲ್ಲೆಯ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಿಂದ ಬಂದ ಅರೇಬಿಕಾ ತಳಿ. ಬೆಂಗಳೂರಿನಲ್ಲಿ ಪೆಟ್ಟಿಗೆ ತೆರೆದವರಿಗೆ ಆ ಸಂಖ್ಯೆ ಅರ್ಥವಾಗಲೇಬೇಕೆಂದಿಲ್ಲ. ಕೊಟ್ಟವನು ‘ಅದು ಬಾಳೆಹೊನ್ನೂರಿನ ತಳಿ’ ಎಂದು ಒಂದು ಮಾತು ಹೇಳಿದರೆ ಸಾಕು, ಉಡುಗೊರೆಯ ಜೊತೆಗೆ ಒಂದು ಕಥೆಯನ್ನೂ ಕೊಟ್ಟಂತಾಗುತ್ತದೆ. ಪೆಟ್ಟಿಗೆ ಕೊಳ್ಳುವವನಿಗೆ ಬೇಕಾದದ್ದೂ ಅದೇ.

ಆದರೆ ವಿವರ ಹೇಳುವಾಗ ಸಿಕ್ಕಿಬೀಳುವುದೂ ಸುಲಭ. ತೋಟದವರು ‘ಹೊಸ ಬೆಳೆಯ ಕಾಫಿ’ ಎಂದು ಹಾಕಲು ಹೇಳಿದ್ದರು. ಯೋಚಿಸಿ ನೋಡಿ: ಅರೇಬಿಕಾ ಕೊಯ್ಲು ಶುರುವಾಗುವುದೇ ನವೆಂಬರ್ ಹೊತ್ತಿಗೆ, ಜನವರಿಯವರೆಗೆ ನಡೆಯುತ್ತದೆ. ಅಕ್ಟೋಬರಿನಲ್ಲಿ ಗಿಡದ ಮೇಲೆ ಕಾಯಿ ಹಸಿರಾಗಿರುತ್ತದೆ. ದೀಪಾವಳಿಯ ಪೆಟ್ಟಿಗೆಯಲ್ಲಿ ಇರಲು ಸಾಧ್ಯವಿರುವುದು ಹಿಂದಿನ ಚಳಿಗಾಲದ ಬೀಜ. ಇದನ್ನು ಬಚ್ಚಿಡಬೇಕಾಗಿಲ್ಲ, ಹದವಾಗಿ ಒಣಗಿಸಿ ಇಟ್ಟ ಹಸಿ ಬೀಜ ಅಷ್ಟು ತಿಂಗಳು ಚೆನ್ನಾಗಿಯೇ ಇರುತ್ತದೆ. ಹೊಸದಾಗಿರಬೇಕಾದದ್ದು ಹುರಿದ ದಿನ. ಅದಕ್ಕೇ ‘ಕಳೆದ ಚಳಿಗಾಲದ ಕೊಯ್ಲು’ ಎಂದು ನೇರವಾಗಿ ಹೇಳಿ, ಹುರಿಯುವ ತಾರೀಖನ್ನು ಪಕ್ಕದಲ್ಲಿಟ್ಟೆ. ಬಾಬಾಬುಡನ್‌ಗಿರಿಯ ಹೆಸರು ಹಾಕೋಣ ಎಂದೂ ಕೇಳಿದರು, ಕೇಳಲು ಗಂಭೀರವಾಗಿರುತ್ತದೆ ಎಂದು. ಬಾಬಾಬುಡನ್‌ಗಿರಿ ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ ಎರಡಕ್ಕೂ 2019ರಲ್ಲಿ ಪ್ರತ್ಯೇಕವಾಗಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಮೂಡಿಗೆರೆಯ ಬೀಜಕ್ಕೆ ಗಿರಿಯ ಹೆಸರು ಹಾಕಿದರೆ ಅದು ಧಾಟಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ, ಕಾನೂನಿನದಾಗುತ್ತದೆ.

ಪೆಟ್ಟಿಗೆಯ ಸಂದೇಶದಲ್ಲಿ ದರ ಏಕಿಲ್ಲ? ದುಬಾರಿ ಬ್ರಾಂಡುಗಳು ದರ ಹೇಳದಿರುವುದು ಜಂಬಕ್ಕೆ ಎಂದು ಬಹಳ ಜನ ತಿಳಿದಿದ್ದಾರೆ. ಸ್ವಲ್ಪ ಜಂಬವೂ ಇದ್ದೀತು. ಆದರೆ ನಮ್ಮಂಥ ಊರಿನಲ್ಲಿ ಕಾರಣ ಬೇರೆ. ತೋಟದವರು ಆ ಸಂದೇಶವನ್ನು ಸ್ಟೇಟಸ್‌ಗೆ ಹಾಕುತ್ತಾರೆ. ಅದನ್ನು ಉಡುಗೊರೆ ಕೊಡುವವನೂ ನೋಡುತ್ತಾನೆ, ಪಡೆಯುವವನೂ ನೋಡುತ್ತಾನೆ. ಪೆಟ್ಟಿಗೆ ಕೈಗೆ ಬರುವ ಮೊದಲೇ ‘ಓಹೋ, ಇಷ್ಟು ರೂಪಾಯಿಯದ್ದು’ ಎಂದು ಗೊತ್ತಾಗಿಬಿಟ್ಟರೆ ಕೊಟ್ಟವನಿಗೆ ಮುಜುಗರ. ಹಾಗಾಗಿ ದರಪಟ್ಟಿಯನ್ನು ಬೇರೆಯಾಗಿ ಮಾಡಿ, ಕೇಳಿದವರಿಗೆ ಮಾತ್ರ ಕಳುಹಿಸುತ್ತೇವೆ. ಪೆಟ್ಟಿಗೆಯ ಮೇಲೆ ಗರಿಷ್ಠ ಮಾರಾಟ ಬೆಲೆಯನ್ನು ಕಾನೂನಿನ ಪ್ರಕಾರ ಮುದ್ರಿಸಲೇಬೇಕು, ಅದು ತಳದಲ್ಲಿದೆ. ಅದನ್ನು ಉಗುರಿನಿಂದ ಕೆರೆದು ಕೊಡುವವರು ಎಷ್ಟೋ ಜನ. ಒಬ್ಬರಂತೂ ಅದರ ಮೇಲೆ ಸತ್ಯನಾರಾಯಣನ ಸಣ್ಣ ಚಿತ್ರವೊಂದನ್ನು ಅಂಟಿಸಿ ಕೊಟ್ಟಿದ್ದರು.

ಅವಸರದ ಮಾತು ಇನ್ನೊಂದು. ‘ಬೇಗ ಬನ್ನಿ’, ‘ಸ್ಟಾಕ್ ಇರುವವರೆಗೆ ಮಾತ್ರ’ ಎಂಬುದು ಪೇಟೆಯ ಕೂಗು. ಪೆಟ್ಟಿಗೆಗೂ ಗಡುವು ಇದ್ದೇ ಇದೆ, ಏಕೆಂದರೆ ಹುರಿದ ಬೀಜವನ್ನು ಕೆಲವು ದಿನ ಬಿಡಬೇಕು, ಆಮೇಲೆ ತುಂಬಬೇಕು, ಕಾರ್ಡು ಬರೆಸಬೇಕು, ಕಳುಹಿಸಬೇಕು. ಆ ಗಡುವನ್ನು ಓದುವವನ ಮೇಲೆ ಹೇರುವ ಬದಲು ನಮ್ಮ ಕೆಲಸದ ತಾರೀಖಾಗಿ ಹೇಳಿದೆ: ‘11ರಂದು ಹುರಿಯುತ್ತೇವೆ.’ ಒಂಬತ್ತರೊಳಗೆ ತಿಳಿಸಬೇಕಾದದ್ದು ಏಕೆ ಎಂಬುದು ತಾನಾಗಿಯೇ ಹೊಳೆಯುತ್ತದೆ.

ಆ ವರ್ಷ ತೋಟದವರ ಇನ್ನೊಂದು ಬಯಕೆ ‘ಕೇವಲ 100 ಪೆಟ್ಟಿಗೆಗಳು’ ಎಂದು ಹಾಕುವುದು. ಅವರು ಮುದ್ರಿಸಿದ್ದದ್ದು 300. ದಾರಿತಪ್ಪಿಸುವ ಜಾಹೀರಾತುಗಳನ್ನು ತಡೆಯಲು 2022ರಲ್ಲಿ ಬಂದ ಕೇಂದ್ರದ ಮಾರ್ಗಸೂಚಿಗಳು ಇವೆ, ಸುಳ್ಳು ಲೆಕ್ಕ ಬೇಡ ಎಂದು ಹೇಳಿದೆ. ಅದಕ್ಕಿಂತ ಬಲವಾಗಿ ಕೆಲಸ ಮಾಡಿದ್ದು ಇನ್ನೊಂದು ಮಾತು: ‘ಪೆಟ್ಟಿಗೆ ಅಚ್ಚು ಹಾಕಿದವನು ದಿನವೂ ನಿಮ್ಮ ಗಿರಾಕಿಗಳ ಜೊತೆ ಕೂತು ಕಾಫಿ ಕುಡಿಯುತ್ತಾನೆ.’ ಇಷ್ಟು ಸಣ್ಣ ಊರಿನಲ್ಲಿ ಕೃತಕ ಅಭಾವ ಒಂದು ವಾರವೂ ಬಾಳುವುದಿಲ್ಲ.

ಕನ್ನಡದ ವಿಷಯವಾಗಿ ಒಂದು ಮಾತು, ಇಲ್ಲಿ ವಿದ್ಯಾರ್ಥಿಗಳು ಇರುವುದರಿಂದ. ದುಬಾರಿ ಸರಕಿಗೆ ಸಂಸ್ಕೃತ ಪದ, ಅಂಗಡಿಗೆ ಅಚ್ಚಗನ್ನಡ ಎಂದು ನೀವು ಊಹಿಸಿದ್ದರೆ ಅದು ತಿರುವುಮುರುವು. ‘ನಾಡಿನ ಸಮಸ್ತ ಜನತೆಗೆ ಹಾರ್ದಿಕ ಶುಭಾಶಯಗಳು’, ‘ಗ್ರಾಹಕ ಬಂಧುಗಳಲ್ಲಿ ಸವಿನಯ ವಿನಂತಿ’ ಎಂದು ಬರೆಯಿರಿ ಎಂದು ಒತ್ತಾಯ ಮಾಡುವವರು ಯಾವಾಗಲೂ ಸಣ್ಣ ಅಂಗಡಿಯವರೇ. ಮದುವೆಯ ಕರೆಯೋಲೆ ಹಾಗೂ ಫ್ಲೆಕ್ಸ್ ಬ್ಯಾನರಿನ ಭಾಷೆ ಅದು, ಅದರಲ್ಲಿ ಗೌರವವಿದೆ ಎಂದು ಅವರ ನಂಬಿಕೆ. ದುಬಾರಿ ಬ್ರಾಂಡಿನ ಕನ್ನಡ ದಿನೇ ದಿನೇ ಸಣ್ಣದಾಗುತ್ತಿದೆ: ಕೊಯ್ಲು, ಘಮ, ಮುಂಜಾವು. ನಾನು ಅಂಗಡಿಯವರಿಗೆ ಪೂರ್ತಿ ‘ಬೇಡ’ ಎನ್ನುವುದಿಲ್ಲ. ಕೊನೆಯಲ್ಲಿ ಒಂದು ‘ಶುಭಾಶಯ’ ಇರಲಿ, ‘ಸಮಸ್ತ ಜನತೆ’ಯನ್ನು ರಾಜಕಾರಣಿಗಳಿಗೆ ಬಿಟ್ಟುಬಿಡೋಣ ಎನ್ನುತ್ತೇನೆ.

ಬೆಲೆ ಏರಿದಾಗ ಏನು ಮಾಡುತ್ತೀರಿ ಎಂದು ಮುಂದಿನ ಸಾಲಿನಿಂದ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಬ್ರೆಜಿಲ್ ಮತ್ತು ವಿಯೆಟ್ನಾಂನಲ್ಲಿ ಬರ ಬಿದ್ದು 2025ರ ಆರಂಭದಲ್ಲಿ ಕಾಫಿಯ ದರ ಜಗತ್ತಿನಾದ್ಯಂತ ದಾಖಲೆ ಮಟ್ಟಕ್ಕೆ ಏರಿದ್ದು ನಿಮಗೆಲ್ಲ ನೆನಪಿದೆ. ಅಂಗಡಿಯವರು ಏರಿಸಲೇಬೇಕಾಯಿತು. ಯುಗಾದಿ ಮಾರ್ಚ್ 30ಕ್ಕೆ ಇತ್ತು. ಹಬ್ಬಕ್ಕೆ ಹತ್ತು ದಿನ ಮೊದಲು ಕಳುಹಿಸಿದ್ದು ಇಷ್ಟೇ: ‘ಬೀಜದ ದರ ಏರಿರುವುದು ನಿಮಗೂ ಗೊತ್ತು. ಯುಗಾದಿಯವರೆಗೆ ಹಳೆಯ ದರ. ಏಪ್ರಿಲ್ 1ರಿಂದ ಕಾಲು ಕೆಜಿಗೆ ₹20 ಹೆಚ್ಚು.’ ‘ಅನಿವಾರ್ಯ ಕಾರಣಗಳಿಂದ’ ಎಂದು ಬರೆಯಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಬೇರೆ ಊರಿನಲ್ಲಾದರೆ ಒಂದು ಸಾಲು ಸಮಜಾಯಿಷಿ ಬೇಕಾಗುತ್ತಿತ್ತೇನೋ. ಇಲ್ಲಿ ಆ ಪಟ್ಟಿಯಲ್ಲಿದ್ದ ಎಷ್ಟೋ ಜನಕ್ಕೆ ತಮ್ಮದೋ ತಮ್ಮ ನೆಂಟರದೋ ತೋಟವಿದೆ. ಪುಡಿಯ ಬೆಲೆ ಏರಿದ್ದಕ್ಕೆ ಗೊಣಗುತ್ತಾ, ಬೀಜದ ಬೆಲೆ ಏರಿದ್ದಕ್ಕೆ ಒಳಗೊಳಗೇ ನಗುತ್ತಾ ಅವರು ಆ ಸಂದೇಶ ಓದಿಕೊಂಡರು. ತೋಟದವರಾದರೋ ಏರಿಕೆಯನ್ನು ಪ್ರಕಟಿಸಲೇ ಇಲ್ಲ. ಆ ವರ್ಷದ ಪೆಟ್ಟಿಗೆಗೆ ಹೊಸ ಅಳತೆ, ಹೊಸ ದರಪಟ್ಟಿ ಬಂತು. ಹಿಂದಿನ ವರ್ಷದ್ದರ ಜೊತೆ ಹೋಲಿಸಿ ನೋಡುವವರು ಉಡುಗೊರೆ ಪೆಟ್ಟಿಗೆ ಕೊಳ್ಳುವವರಲ್ಲಿ ಕಡಿಮೆ.

ಅವರೂ ಒಮ್ಮೆ ಎಡವಿದ್ದಾರೆ. 2024ರಲ್ಲಿ ಹಬ್ಬಕ್ಕೆ ಎರಡು ದಿನವಿರುವಾಗ ನಲವತ್ತು ಪೆಟ್ಟಿಗೆ ಉಳಿದಿದ್ದವು. ನನ್ನನ್ನು ಕೇಳದೆ ‘20% ರಿಯಾಯಿತಿ, ತ್ವರೆ ಮಾಡಿ!!’ ಎಂದು ಸ್ಟೇಟಸ್ ಹಾಕಿಬಿಟ್ಟರು. ಪೆಟ್ಟಿಗೆ ಖಾಲಿಯಾದವು. ಜೊತೆಗೆ ಮೊದಲೇ ಪೂರ್ತಿ ಹಣ ಕೊಟ್ಟು ಕೊಂಡಿದ್ದವರು ಫೋನ್ ಮಾಡಿ ವ್ಯತ್ಯಾಸದ ಹಣ ಕೇಳಿದರು. ಒಬ್ಬರು ಹಣ ಕೇಳಲಿಲ್ಲ, ‘ನಾನು ಕೊಟ್ಟ ಮನೆಯವರೂ ಅದನ್ನು ನೋಡಿದರಲ್ಲ ಸಾರ್’ ಎಂದಷ್ಟೇ ಹೇಳಿದರು. ಮುಂದಿನ ವರ್ಷ ಅವರು ಪೆಟ್ಟಿಗೆ ಕೊಳ್ಳಲಿಲ್ಲ. ಈಗ ಉಳಿದದ್ದನ್ನು ಹಬ್ಬ ಮುಗಿದ ಮೇಲೆ ಪೆಟ್ಟಿಗೆಯಿಂದ ಹೊರತೆಗೆದು, ಸಾದಾ ಪ್ಯಾಕೆಟ್ಟಿನಲ್ಲಿ ಬೇರೆ ಹೆಸರಿನಿಂದ ಮಾರುತ್ತಾರೆ.

ಧಾಟಿ ತಪ್ಪಿದೆಯೋ ಇಲ್ಲವೋ ಎಂಬುದು ಬರುವ ಉತ್ತರಗಳಲ್ಲಿ ಗೊತ್ತಾಗುತ್ತದೆ. ಅಂಗಡಿಗೆ ‘ಎಷ್ಟು?’, ‘ಎಷ್ಟು ಹೊತ್ತಿನವರೆಗೆ?’ ಎಂಬ ಪ್ರಶ್ನೆ ಬಂದರೆ ನಾನು ಬರೆಯಬೇಕಾದದ್ದನ್ನು ಬರೆದಿಲ್ಲ ಎಂದರ್ಥ. ಅಲ್ಲಿ ಬರಬೇಕಾದದ್ದು ಪ್ರಶ್ನೆಯಲ್ಲ, ‘ಅರ್ಧ ಕೆಜಿ ಕಟ್ಟಿಡಿ’ ಎಂಬ ಮಾತು. ತೋಟದವರಿಗೆ ‘ದರ ತಿಳಿಸಿ’ ಎಂದು ಬಂದರೆ ಒಳ್ಳೆಯದೇ, ಅದಕ್ಕೆಂದೇ ಬಿಟ್ಟ ಜಾಗವದು. ‘ಸ್ವಲ್ಪ ಕಡಿಮೆ ಮಾಡಿಕೊಳ್ಳುತ್ತೀರಾ?’ ಎಂದು ಬಂದರೆ ಸಂದೇಶದಲ್ಲಿ ಎಲ್ಲೋ ಚೌಕಾಸಿಗೆ ಬಾಗಿಲು ತೆರೆದಿದ್ದೇನೆ ಎಂದು ಹಿಂತಿರುಗಿ ಹುಡುಕುತ್ತೇನೆ. ಹೆಚ್ಚಿನ ಸಲ ಅದು ಒಂದು ಆಶ್ಚರ್ಯಸೂಚಕ ಚಿಹ್ನೆಯಾಗಿರುತ್ತದೆ.

ಕೊನೆಗೆ ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬರು ಕೇಳಿದರು: ‘ಒಬ್ಬರೇ ಎರಡೂ ಕಡೆ ಕೊಳ್ಳುವವರಾದರೆ?’

ಅಂಥವರು ಒಬ್ಬರು ನನಗೆ ಚೆನ್ನಾಗಿಯೇ ಗೊತ್ತು. ತೋಟದ ಮಾಲೀಕರು ಮನೆಗೆ ಪುಡಿ ತರಿಸುವುದು ಅದೇ ಕಾಫಿ ವರ್ಕ್ಸ್‌ನಿಂದ. ಅವರ ತಾಯಿಗೆ ಚಿಕೋರಿ ಇಲ್ಲದ ಕಾಫಿ ಕಾಫಿಯೇ ಅಲ್ಲ. ಅಂಗಡಿಯ ಪ್ರಸಾರ ಪಟ್ಟಿಯಲ್ಲಿ ಅವರ ಸಂಖ್ಯೆಯೂ ಇದೆ. ಕಳೆದ ದೀಪಾವಳಿಯ ಭಾನುವಾರ ಸಂಜೆ ಅಂಗಡಿಯವರು ನನಗೆ ಮೊಬೈಲ್ ತೋರಿಸಿದರು. ನಾನು ಬರೆದ ಸಂದೇಶದ ಕೆಳಗೆ ತೋಟದವರ ಉತ್ತರ ಬಂದಿತ್ತು: ‘80–20, ಅರ್ಧ ಕೆಜಿ. ಪೇಟೆ ಮನೆಗೆ. ನೆಂಟರಿದ್ದಾರೆ, ಹುಡುಗನ ಕೈಯಲ್ಲಿ ಕಳುಹಿಸಿ.’